ನಲ್ಲಿಯ ಬುಡದ ಕೆಸರು

ಡಾಕ್ಟರಮ್ಮ ಹೊಸ ಬ್ಯಾಂಡೇಜು ಸುತ್ತಿ ಮುಗಿಸಿ, ಕೈಯ ಗ್ಲೌಸು ಕಳಚುತ್ತಾ, “ಒಂದೇ ಮಾತು ನೆನಪಿಟ್ಕೊಳ್ಳಿ. ಈ ಕಾಲಿಗೆ ನೀರು ತಾಕಬಾರದು” ಎಂದರು.

ನೀರಕ್ಕನಿಗೆ ನಗು ಬಂದುಬಿಟ್ಟಿತು. ಊರಾಚೆಯ ನರ್ಸರಿಯಲ್ಲಿ ಗಿಡಗಳಿಗೆ ನೀರು ಬಿಡುವುದೇ ಅವಳ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಯಾರ ನೆನಪಿನಲ್ಲೂ ಉಳಿಯದಷ್ಟು ವರ್ಷಗಳಿಂದ ಅದೇ ಕೆಲಸ. ಅಡುಗೆಯವಳಿಗೆ ಬೆಂಕಿ ಮುಟ್ಟಬೇಡ ಎಂದ ಹಾಗಾಯಿತು.

“ನಗೋ ಮಾತಲ್ಲಮ್ಮ” ಎಂದರು ಡಾಕ್ಟರಮ್ಮ. “ಸಕ್ಕರೆ ಕಾಯಿಲೆಯವರ ಕಾಲು ಇದು. ನಿಮಗೆ ನೋವೇ ಗೊತ್ತಾಗಲ್ಲ, ಅದೇ ಅಪಾಯ. ಹೆಬ್ಬೆರಳ ಬುಡ ಆಗಲೇ ಕಪ್ಪಾಗ್ತಿದೆ. ತೇವದಲ್ಲಿ ನಿಂತ್ರೆ ಮೊದಲು ಬೆರಳು ತೆಗೀಬೇಕಾಗತ್ತೆ. ಆಮೇಲೆ ಪಾದ. ಅಲ್ಲಿಗೂ ನಿಲ್ಲತ್ತೆ ಅಂತ ನಾನು ಹೇಳಲಾರೆ.”

ಆಗ ನಗು ನಿಂತಿತು. ಬಾಗಿಲವರೆಗೆ ಬಂದು ತಾವೇ ಬಗ್ಗಿ ಅವಳ ಚಪ್ಪಲಿ ತಿರುಗಿಸಿಟ್ಟ ಡಾಕ್ಟರಮ್ಮನನ್ನು ನೋಡಿ ನೀರಕ್ಕನಿಗೆ ಇನ್ನೂ ಹೆದರಿಕೆಯಾಯಿತು. ಕಾಲು ಅಷ್ಟು ಕೆಟ್ಟಿರದಿದ್ದರೆ ದೊಡ್ಡವರು ಇಷ್ಟು ಮೃದುವಾಗಿರುವುದಿಲ್ಲ.

ಗಿಡಗಳಿಗೆ ನೀರು ಬಿಡುವಾಗ ಕಾಲು ನೆನೆಯಲೇಬೇಕೆಂದಿಲ್ಲ. ಪೈಪಿನ ತುದಿಗೆ ಗನ್ ಇದೆ. ಗುಂಡಿ ಅದುಮಿದರೆ ಮಳೆಯ ಹಾಗೆ ದೂರಕ್ಕೆ ಬೀಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಡೆಯುವ ದಾರಿಗೆಲ್ಲ ಜಲ್ಲಿ ಹಾಕಿದೆ. ಇಡೀ ನರ್ಸರಿಯಲ್ಲಿ ಕೆಸರೆಂದರೆ ಒಂದೇ ಕಡೆ, ನಲ್ಲಿಯ ಬುಡದಲ್ಲಿ. ಬೆಳಿಗ್ಗೆ ಪೈಪು ಸಿಕ್ಕಿಸಲು, ಸಂಜೆ ಬಿಚ್ಚಲು, ನಡುವೆ ಬಕೆಟ್ಟು ತುಂಬಿಸಲು, ಮೋಟಾರು ಹಾಕಲು, ಆರಿಸಲು ಅವಳು ಅಲ್ಲಿಗೇ ಹೋಗಬೇಕು. ಅಲ್ಲಿ ನಿಂತರೆ ಕಣಕಾಲಿನವರೆಗೂ ರಾಡಿ.

ಆ ರಾಡಿಗೆ ಕಾರಣ ನಲ್ಲಿಗೆ ಪೈಪು ಕೂಡಿಸುವ ಒಂದು ಹಿತ್ತಾಳೆಯ ಕನೆಕ್ಟರು.

ಹಳೆಯ ಪ್ಲಾಸ್ಟಿಕ್ ಕನೆಕ್ಟರು ಒಡೆದುಹೋದಾಗ ಯಜಮಾನರು ದೊಡ್ಡ ಪಟ್ಟಣಕ್ಕೆ ಹೋದವರು ಅಲ್ಲಿಂದ ತಂದದ್ದು. ಪಳಪಳ ಹೊಳೆಯುತ್ತಿತ್ತು. “ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಇದು” ಎಂದು ಎಲ್ಲರಿಗೂ ತೋರಿಸಿದ್ದರು. ಯಜಮಾನರು ಕೆಟ್ಟವರಲ್ಲ. ನೀರಕ್ಕನಿಗೆ ಕಾಲು ಊದಿದ ದಿನ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸರದಿಯಲ್ಲಿ ತಾವೇ ನಿಂತವರು. ಆದರೆ ತಾವು ತಂದ ವಸ್ತು ಸರಿಯಿಲ್ಲವೆಂದರೆ ಅವರಿಗೆ ಕೇಳಿಸುತ್ತಿರಲಿಲ್ಲ.

ಸೋರುವುದನ್ನು ಮೊದಲು ಗಮನಿಸಿದವನು ಕಸಿಯಣ್ಣ. ಗಿಡಗಳಿಗೆ ಕಸಿ ಕಟ್ಟುವವನು. ನಲ್ಲಿಯಿರುವ ಗೋಡೆಯ ಮಗ್ಗುಲಿಗೇ, ತಗಡಿನ ಮಾಡಿನ ಕೆಳಗೆ ಅವನ ಬೆಂಚು. ಅವನು ನೀರಕ್ಕನಿಗಿಂತ ಚಿಕ್ಕವನು. ಆದರೂ ಎಲ್ಲರಿಗೂ ಅಣ್ಣ, ಅವಳಿಗೂ ಅಣ್ಣ.

“ಯಜಮಾನ್ರೇ, ನಿಮ್ಮ ಬಂಗಾರದ ಕನೆಕ್ಟರು ಸೋರ್ತಿದೆ” ಎಂದ ಒಂದು ದಿನ.

ಯಜಮಾನರು ಬಂದು ನೋಡಿದರು. ಆ ಹೊತ್ತಿಗೆ ನೀರಕ್ಕ ತೋಟದ ಆ ತುದಿಯಲ್ಲಿ ನೀರು ಬಿಡುತ್ತಿದ್ದಳು. ಕನೆಕ್ಟರಿನಿಂದ ತೊಟತೊಟ ಹನಿ ಬೀಳುತ್ತಿತ್ತು, ಅಷ್ಟೇ.

“ಇಷ್ಟಕ್ಕೆ ಬೊಬ್ಬೆ ಹೊಡೀತೀಯಲ್ಲೋ!”

“ಈಗ ಹಾಗೇ ಕಾಣತ್ತೆ. ನೀರಕ್ಕ ಗನ್ನಿನ ಗುಂಡಿ ಬಿಡ್ಲಿ, ಆಮೇಲೆ ನೋಡಿ ಮಜಾ.”

ಅದು ನಿಜವಾಗಿತ್ತು. ಸಂಪಿನಲ್ಲಿದ್ದ ನೀರನ್ನು ಮೋಟಾರು ನೇರ ಪೈಪಿಗೇ ನೂಕುತ್ತಿತ್ತು. ಗನ್ ತೆರೆದಿದ್ದರೆ ನೀರು ಆ ಕಡೆ ಓಡುತ್ತದೆ, ಈ ಕಡೆ ಬರೀ ಹನಿ. ಗನ್ ಮುಚ್ಚಿದ ಕೂಡಲೇ ಒತ್ತಡವೆಲ್ಲ ಪೈಪಿನೊಳಗೇ ಕಟ್ಟಿಕೊಂಡು ನಲ್ಲಿಯ ಬುಡಕ್ಕೆ ಬರುತ್ತದೆ. ಆಗ ಹಿತ್ತಾಳೆಯ ನಟ್ಟಿನ ಸುತ್ತಲಿಂದ ನೀರು ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆದರೆ ಯಜಮಾನರು ಕಾಯುವ ಜನವಲ್ಲ. “ವಾಷರ್ ಹಾಕ್ಸು” ಎಂದು ಹೊರಟುಹೋದರು.

ಕಸಿಯಣ್ಣ ನಟ್ಟು ಬಿಚ್ಚಿ ಒಳಗಿನ ರಬ್ಬರಿನ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿದ. ದಿನಾ ಹಾಕಿ ತೆಗೆದು ಅದು ಒಂದು ಕಡೆ ಸವೆದು ಅಪ್ಪಚ್ಚಿಯಾಗಿ, ಅಂಚು ಬಿರುಕು ಬಿಟ್ಟಿತ್ತು. ಹೊಸದು ತಂದು ಹಾಕಿದ. ಆದರೂ ಸೋರಿತು. ಪೈಪಿನ ಕಡೆಯಿಂದ ಇರಬಹುದೆಂದು ತುಕ್ಕು ಹಿಡಿದ ಕ್ಲಾಂಪಿನ ಸ್ಕ್ರೂ ಬಿಗಿ ಮಾಡಿದ. ಇನ್ನೊಂದು ಸುತ್ತು ತಿರುಗಿಸಿದರೆ ಕ್ಲಾಂಪಿನ ಪಟ್ಟಿ ಪೈಪನ್ನೇ ಕಚ್ಚಿ ಕತ್ತರಿಸುವ ಹಾಗಾಯಿತು. ಆದರೂ ಸೋರಿತು. ಬಿಳಿ ಟೇಪು ಸುತ್ತಿದ. ನೀರು ಅದಕ್ಕೂ ಕೇರ್ ಮಾಡಲಿಲ್ಲ.

ಕೊನೆಗೆ ಕನೆಕ್ಟರನ್ನು ಕೈಯಲ್ಲಿ ಹಿಡಿದು ಕೂತು, ಬೆರಳಿನಿಂದ ಒಳಗಿನ ತಿರುಪಿನ ಗೆರೆಗಳನ್ನು, ಆ ಥ್ರೆಡ್ಡನ್ನು, ಸವರಿ ನೋಡಿ, ಗಟ್ಟಿಯಾಗಿ ನಕ್ಕ.

“ನೀರಕ್ಕಾ, ಬಾ ಇಲ್ಲಿ. ಇವೆರಡಕ್ಕೂ ಜಾತಕ ಕೂಡಿಲ್ಲ ಕಣೇ. ನಲ್ಲಿದೂ ಮುಕ್ಕಾಲಿಂಚು, ಇದೂ ಮುಕ್ಕಾಲಿಂಚು. ಆದ್ರೆ ನಲ್ಲಿ ಥ್ರೆಡ್ ಒತ್ತೊತ್ತಾಗಿದೆ, ಇದರದು ಬಿಡಿಬಿಡಿ. ಎರಡು ಸುತ್ತು ಹೋಗತ್ತೆ, ಆಮೇಲೆ ಕಚ್ಕೊಂಡು ನಿಲ್ಲತ್ತೆ. ಬಿಗಿಯಾಯ್ತು ಅಂತ ನಾವು ಅಂದ್ಕೋತೀವಿ. ನಲ್ಲಿ ಬಾಯಿ ವಾಷರನ್ನ ಮುಟ್ಟೇ ಇರಲ್ಲ!”

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದ ಹಾಗೆ.”

“ಹೂಂ. ಎಷ್ಟು ವಾಷರ್ ಹಾಕಿದ್ರೂ ಅಷ್ಟೆ. ಅದು ಒತ್ತಿದ್ರೆ ತಾನೆ ನೀರು ತಡೆಯೋದು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ನಮ್ಮ ಯಜಮಾನ್ರದು.”

ಅವರಿಗೂ ಹೇಳಿದ. ಈ ಗಾದೆ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. “ಎರಡೂ ಮುಕ್ಕಾಲೇ ಅಂತೀಯ, ಕೂಡಲ್ಲ ಅಂತೀಯ, ಏನಯ್ಯ ನಿನ್ನ ಲೆಕ್ಕ? ಮುಂದಿನ ಸಲ ಪಟ್ಟಣಕ್ಕೆ ಹೋದಾಗ ಕೇಳ್ತೀನಿ ಬಿಡು” ಎಂದರು ಯಜಮಾನರು. ಆ ಮುಂದಿನ ಸಲ ಮುಂದೆ ಮುಂದೆ ಹೋಯಿತು. ಹತ್ತಿರದ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಪ್ಲಾಸ್ಟಿಕ್ಕಿನದನ್ನು ತರೋಣವೆಂದರೆ, ಅವರು ತಂದದ್ದನ್ನು ಕಿತ್ತು ಬಿಸಾಡಿದಂತಾಗುತ್ತದೆಂದು ಇಬ್ಬರೂ ಸುಮ್ಮನಾದರು. ಅವರಿಬ್ಬರ ಸಂಕೋಚವೇ ಹಾಗೆ. ಉಪಕಾರ ಮಾಡಿದವರ ಎದುರು ಬಾಯಿ ಅರ್ಧವೇ ತೆರೆಯುತ್ತದೆ.

ಆಸ್ಪತ್ರೆಯಿಂದ ಬಂದ ಮರುದಿನ ನೀರಕ್ಕ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಮಧ್ಯಾಹ್ನ ಬಿಚ್ಚಿದರೆ ಒಳಗೆಲ್ಲ ಬೆವರು. ಬ್ಯಾಂಡೇಜು ಹಿಂಡಿದರೆ ನೀರು ಬರುವಂತಿತ್ತು. ಬೂಟು ಹಾಕಿದರೆ ಗಾಯಕ್ಕೆ ಉಜ್ಜುತ್ತದೆ, ಅದೂ ಬೇಡವೆಂದಿದ್ದರು ಡಾಕ್ಟರಮ್ಮ. ಬೆಂಚಿನಿಂದ ಕಸಿಯಣ್ಣ ನೋಡಿದ.

“ಏನಂದ್ರು ಆಸ್ಪತ್ರೇಲಿ?”

“ಒಣಗಿದ್ರೆ ಕಾಲು ನನ್ನದಂತೆ. ನೆನೆದ್ರೆ ಅವರದಂತೆ.”

ಅವನು ಕಸಿ ಕಟ್ಟಿದ ಗಿಡವನ್ನು ಪಕ್ಕಕ್ಕಿಟ್ಟು ಎದ್ದು ಹೋಗಿ, ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಹುಡುಕಿ ತಂದ. ಉದ್ದಕ್ಕೆ ಸೀಳಿ ಕನೆಕ್ಟರಿನ ಸುತ್ತ ಬಿಗಿಯಾಗಿ ಸುತ್ತಿ, ಕಸಿ ಕಟ್ಟುವ ಪಟ್ಟಿಯಿಂದಲೇ ಮೇಲೂ ಕೆಳಗೂ ಕಟ್ಟಿದ. ಸೋರಿದ ನೀರೆಲ್ಲ ಒಂದೇ ಬಾಯಿಂದ ಹೊರಗೆ ಬರಲೆಂದು ತುದಿಯೊಂದನ್ನು ಆನೆಯ ಸೊಂಡಿಲಿನಂತೆ ಇಳಿಬಿಟ್ಟು ಅದರ ಬಾಯನ್ನು ಚರಂಡಿಗೆ ತಿರುಗಿಸಿದ. ಆಮೇಲೆ ಸಲಿಕೆಯಿಂದ ಕೆಸರನ್ನೆಲ್ಲ ಬಳಿದು, ಬುಟ್ಟಿಗಟ್ಟಲೆ ಜಲ್ಲಿ ಹೊತ್ತು ತಂದು ಸುರಿದು, ಮೇಲೊಂದು ಹಲಗೆ ಹಾಸಿದ. ಆವತ್ತು ಕಸಿಯ ಕೆಲಸ ಹಿಂದೆ ಬಿದ್ದದ್ದಕ್ಕೆ ಯಜಮಾನರಿಂದ ಬೈಸಿಕೊಂಡ. ಯಾಕೆ ಹಿಂದೆ ಬಿತ್ತೆಂದು ಹೇಳಲಿಲ್ಲ.

“ನೋಡು ನೀರಕ್ಕ, ಇನ್ನು ಮೋಟಾರಿನ ತಂಟೆ ನಿನಗೆ ಬೇಡ” ಎಂದ. “ನೀನು ಗನ್ ಬಿಟ್ಟು ಅಲ್ಲಿಂದ್ಲೇ ಒಂದು ಕೂಗು ಹಾಕು. ನಾನು ಆರಿಸ್ತೀನಿ. ಇಲ್ಲೇ ಕೂತಿರ್ತೀನಲ್ಲ, ಕೈ ಚಾಚಿದ್ರೆ ಸ್ವಿಚ್ಚು.”

ಸ್ವಿಚ್ಚು ನಲ್ಲಿಯ ಮೇಲೆ, ಒಂದು ಮೊಳ ಆಚೆಗೆ, ಗೋಡೆಗೆ ಹೊಡೆದ ತಗಡಿನ ಡಬ್ಬಿಯಲ್ಲಿತ್ತು. ಡಬ್ಬಿಯ ಮುಚ್ಚಳದ ಹಿಂಜು ಮುರಿದು ಅದು ಯಾವಾಗಲೂ ಅರ್ಧ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು.

ಬೇಸಿಗೆ ಏರಿತು. ನಲ್ಲಿಯ ಬುಡ ಒಣಗಿತು. ನೀರಕ್ಕ ಹಲಗೆಯ ಮೇಲೆ ನಿಂತು ಪೈಪು ಸಿಕ್ಕಿಸಿ ಟ್ಯೂಬನ್ನು ಮತ್ತೆ ಅವನಂತೆಯೇ ಕಟ್ಟಿ ಹೋಗುವಳು. ತೋಟದ ತುದಿಯಿಂದ “ಆಯ್ತು ಕಸಿಯಣ್ಣೋ!” ಎಂದು ಕೂಗುವಳು. ಮೋಟಾರಿನ ಗುಂಯ್ಗುಡುವಿಕೆ ಅಡಗುವುದು. ಗಿಡ ಕೊಳ್ಳಲು ಬಂದವರು ಈ ಕೂಗು ಕೇಳಿ ಬೆಚ್ಚುವರು, ಆಮೇಲೆ ನಗುವರು. ಗಾಯದ ಅಂಚು ಕೆಂಪಗಾಗುತ್ತಾ ಬಂತು. ಹೊಸ ಚರ್ಮ ಬರ್ತಿದೆ ಎಂದರು ಡಾಕ್ಟರಮ್ಮ.

ಕಸಿಯಣ್ಣನ ಹೆಂಡತಿ ಒಮ್ಮೊಮ್ಮೆ ಅವನ ಬುತ್ತಿ ತರುತ್ತಿದ್ದಳು. ಮಾತಿನ ಮಲ್ಲಿ. “ಏನಕ್ಕಾ, ನಿನ್ನ ಕೂಗು ನಮ್ಮ ಮನೆಗೂ ಕೇಳತ್ತೆ. ನಾನು ಕೂಗಿದ್ರೆ ಮಾತ್ರ ಇವರಿಗೆ ಕಿವುಡು” ಎನ್ನುತ್ತಿದ್ದಳು. ಅವನು ತಲೆಯೆತ್ತದೆ, “ನೀರಕ್ಕ ಒಂದ್ಸಲ ಕೂಗಿ ನಿಲ್ಲಿಸ್ತಾಳೆ, ಅದಕ್ಕೇ ಕೇಳ್ಸತ್ತೆ” ಎನ್ನುತ್ತಿದ್ದ.

ಆ ದಿನ ನಿಂಬೆ ಸಸಿಗಳ ಹೊಸ ಸಾಲಿಗೆ ನೀರು ಬಿಡಬೇಕಿತ್ತು. ಅದು ಗೋಡೆಯ ಆ ಮಗ್ಗುಲು, ಪೈಪು ಎಂದೂ ಹೋಗದ ದಿಕ್ಕು. ನೀರಕ್ಕ ಪೈಪನ್ನು ಮೂಲೆ ಸುತ್ತಿಸಿ ಎಳೆದಳು. ಬರಲಿಲ್ಲ. ಎಲ್ಲೋ ಕುಂಡಕ್ಕೆ ಸಿಕ್ಕಿಕೊಂಡಿತ್ತು. ವಾಪಸು ಹೋಗಿ ಬಿಡಿಸಿಕೊಂಡು ಬರಬಹುದಿತ್ತು. ಹುಷಾರಾಗುತ್ತಿರುವ ಕಾಲನ್ನು ಯಾಕೆ ಅಷ್ಟು ದೂರ ನಡೆಸಬೇಕೆಂದು ಪೈಪನ್ನು ಭುಜಕ್ಕೆ ಹಾಕಿಕೊಂಡು ಜಗ್ಗಿದಳು. ಬಂತು.

ಸಾಲು ಮುಗಿಯಿತು. ಗನ್ ಬಿಟ್ಟಳು. “ಆಯ್ತು ಕಸಿಯಣ್ಣೋ!”

ಮೋಟಾರು ನಿಲ್ಲಲಿಲ್ಲ.

ಕೈಯಲ್ಲಿ ಪೈಪು ಉಬ್ಬಿ ಬಿಗಿಯಾಗುತ್ತಿತ್ತು. ಯಾರೋ ಗಿರಾಕಿ ಬಂದಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದಳು, “ಏನಯ್ಯಾ, ಕಿವಿಗೂ ಕಸಿ ಕಟ್ಕೊಂಡಿದ್ದೀಯಾ?”

ತನ್ನ ಮಾತಿಗೆ ತಾನೇ ನಗುತ್ತಾ ಕುಂಟುತ್ತಾ ಮೂಲೆ ತಿರುಗಿದಳು.

ಅವನು ಹಲಗೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಒಂದು ಕೈಯಲ್ಲಿ ಕಸಿಯ ಪಟ್ಟಿ ಇನ್ನೂ ಹಾಗೇ ಇತ್ತು. ಕೆಲಸದ ನಡುವೆ ಎದ್ದು, ದಿನವೂ ಮಾಡುವಂತೆ ನೋಡದೆಯೇ ಸ್ವಿಚ್ಚಿಗೆ ಕೈ ಹಾಕಿದ್ದನೆಂದು ಕಾಣುತ್ತದೆ. ಅವಳು ಜಗ್ಗಿದ ರಭಸಕ್ಕೆ ಎಂದೂ ಸರಿಯಾಗಿ ಕೂರದ ಆ ನಟ್ಟು ತಿರುಗಿ, ಟ್ಯೂಬೂ ಅದರೊಂದಿಗೆ ಸುತ್ತಿಕೊಂಡು ಬಂದಿತ್ತು. ಚರಂಡಿಯತ್ತ ನೋಡುತ್ತಿದ್ದ ಸೊಂಡಿಲು ಈಗ ಮೇಲಕ್ಕೆ ನೋಡುತ್ತಿತ್ತು. ಅದರ ಬಾಯಿಂದ ಚಿಮ್ಮಿದ ನೀರು ನೇರವಾಗಿ ತಗಡಿನ ಡಬ್ಬಿಯ ಅರ್ಧ ತೆರೆದ ಬಾಯಿಗೆ ಬೀಳುತ್ತಿತ್ತು, ಅಲ್ಲಿಂದ ಗೋಡೆಯುದ್ದಕ್ಕೂ ಇಳಿಯುತ್ತಿತ್ತು.

ಮುಟ್ಟಬಾರದೆಂದು ಅವಳಿಗೆ ಹೇಗೆ ಹೊಳೆಯಿತೋ. ಕೂಗಿಕೊಂಡಳು. ಯಜಮಾನರು ಆಫೀಸಿನ ಕೋಣೆಯಲ್ಲಿದ್ದ ಮೇನ್ ಕಿತ್ತು ಬರಿಗಾಲಲ್ಲಿ ಓಡಿ ಬಂದರು. ಮೋಟಾರು ನಿಂತಿತು. ಚಿಮ್ಮುತ್ತಿದ್ದ ನೀರು ಬಗ್ಗಿ, ಕುಗ್ಗಿ, ಹನಿಯಾಯಿತು. ಯಜಮಾನರು ಅವನ ಎದೆಯನ್ನು ಒತ್ತಿ ಒತ್ತಿ ಬೆವರಿಳಿದು, ಕೊನೆಗೆ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು. ನೀರಕ್ಕನೂ ಆ ಕೆಸರಿನಲ್ಲೇ ನಿಂತಿದ್ದಳು. ಬ್ಯಾಂಡೇಜು ನೆನೆದದ್ದು ಯಾರಿಗೂ ನೆನಪಿರಲಿಲ್ಲ.

ಡಬ್ಬಿಯನ್ನು ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್, ಅರ್ಥಿಂಗ್ ತಂತಿ ಮಣ್ಣಿನ ಹತ್ತಿರ ಯಾವಾಗಲೋ ತುಕ್ಕು ಹಿಡಿದು ಕಡಿದುಹೋಗಿದೆ ಎಂದ. ಅದು ಸರಿಯಿದ್ದಿದ್ದರೆ, ಮುಚ್ಚಳ ಮುಚ್ಚುವಂತಿದ್ದರೆ, ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ ಹೊಸ ಬಗೆಯ ಬ್ರೇಕರ್ ಹಾಕಿಸಿದ್ದರೆ ಎಂದು ಹೇಳುತ್ತಾ ಹೋದವನು ಯಜಮಾನರ ಮುಖ ನೋಡಿ ಮಾತು ನಿಲ್ಲಿಸಿದ. ಪ್ಲಂಬರ್ ಬಂದ. ಹಿತ್ತಾಳೆಯ ಕನೆಕ್ಟರನ್ನು ಬಿಚ್ಚಿ ಪಕ್ಕಕ್ಕಿಟ್ಟು, ನಲ್ಲಿಗೆ ಹೊಂದುವ ಥ್ರೆಡ್ಡಿನ ಮಾಮೂಲಿ ಪ್ಲಾಸ್ಟಿಕ್ ಕನೆಕ್ಟರು, ದಪ್ಪ ವಾಷರು, ಸ್ಟೀಲಿನ ಕ್ಲಾಂಪು ಹಾಕಿದ. ನಟ್ಟು ಕೈಯಲ್ಲೇ ಸರಾಗವಾಗಿ ತಿರುಗಿ, ಕೊನೆಯಲ್ಲಿ ರಬ್ಬರನ್ನು ಮೆತ್ತಗೆ ಒತ್ತಿ ನಿಂತಿತು. ಒಂದು ಲೋಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಒಂದು ಹನಿಯೂ ಸೋರಲಿಲ್ಲ.

ಜನ ಮಾತ್ರ ತಮಗೆ ತೋಚಿದ್ದನ್ನು ಆಡಿದರು. ಕಸಿ ಗಿಡಗಳು ನೆನೆಯಬಾರದೆಂದು ತನ್ನ ಬೆಂಚಿನ ಕಡೆಯ ನೀರನ್ನು ಕರೆಂಟಿನ ಕಡೆಗೆ ತಿರುಗಿಸಿಕೊಂಡನಂತೆ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ. ಅಷ್ಟು ಜಾಣ, ಇಷ್ಟು ತಿಳಿಯಲಿಲ್ಲವೇ. ನೀರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬಾಯಿ ತೆರೆದರೆ ಅವನ ಹೆಂಡತಿಯ ಮುಖ ನೋಡಬೇಕಾಗುತ್ತದೆಂದು ಸುಮ್ಮನಿದ್ದಳು. ಕಾಲಿಗೆ ಮದ್ದು ಹಚ್ಚಿಸಿಕೊಂಡಳು. ಕಾಲು ವಾಸಿಯಾಗುತ್ತಾ ಬಂತು. ಹೋದರೆ ಹೋಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಅದು ಹೋಗಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಕಸಿಯಣ್ಣನ ಹೆಂಡತಿ ಅವನ ಚಾಕು ತೆಗೆದುಕೊಂಡು ಹೋಗಲು ಬಂದಳು. ಬೆಂಚಿನ ಮೇಲೆ ಅವನು ಕಟ್ಟಿದ್ದ ಕಸಿಗಳಲ್ಲಿ ಕೆಲವು ಚಿಗುರಿದ್ದವು. ಅವುಗಳನ್ನು ಮಾರಬಾರದೆಂದು ಯಜಮಾನರು ಬೇರೆಯಾಗಿ ಇಟ್ಟಿದ್ದರು. ಅವಳು ಅವುಗಳನ್ನು ಮುಟ್ಟಲಿಲ್ಲ. ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

“ಅಕ್ಕಾ” ಎಂದಳು. “ಒಂದು ಬಲ್ಬು ಬದಲಾಯಿಸೋಕೂ ಮೇನ್ ಆರಿಸ್ತಿದ್ದ ಮನುಷ್ಯ ಅವರು. ನಾನು ಒದ್ದೆ ಕೈಲಿ ಸ್ವಿಚ್ ಮುಟ್ಟಿದ್ರೆ ಮೂರು ದಿನ ಮಾತು ಬಿಡೋರು. ಗಿಡಕ್ಕೋಸ್ಕರ ಇಂಥ ಕೆಲಸ ಮಾಡಿದ್ರು ಅಂತ ಎಲ್ಲ ಹೇಳ್ತಾರೆ. ನನಗೆ ನಂಬಕ್ಕೇ ಆಗ್ತಿಲ್ಲ. ರಾತ್ರಿ ಮಲಗಿದ್ರೆ ಅವರ ಮೇಲೆ ಸಿಟ್ಟು ಬರತ್ತೆ. ಸತ್ತವರ ಮೇಲೆ ಸಿಟ್ಟು ಇಟ್ಕೊಂಡು ನಾನು ಹೇಗೆ ಬದುಕಲಿ? ನೀನು ಇಲ್ಲೇ ಇದ್ದೆಯಲ್ಲ. ಯಾಕೆ ಕಟ್ಟಿದ್ರು ಆ ಟ್ಯೂಬನ್ನ?”

ನೀರಕ್ಕ ಗೋಣಿಚೀಲದ ಮೇಲೆ ಕೂತು ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಕೈ ನಿಂತಿತು.

“ಗಿಡಕ್ಕಲ್ಲ ತಾಯಿ. ನನ್ನ ಕಾಲಿಗೆ” ಎಂದಳು.

ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಹೇಳಿದ್ದು, ಚೀಲದೊಳಗಿನ ಬೆವರು, ಸೀಳಿದ ಟ್ಯೂಬು, ಅವನು ಹೊತ್ತ ಜಲ್ಲಿ. ಬಾಯನ್ನು ಅವನು ಚರಂಡಿಯ ಕಡೆಗೇ ತಿರುಗಿಸಿದ್ದು. “ಅವನು ತಪ್ಪು ಮಾಡ್ಲಿಲ್ಲ. ನಾನು ಪೈಪು ಜಗ್ಗಿದೆ, ಅದು ತಿರುಗ್ತು. ನನಗೆ ಕಾಣ್ಲಿಲ್ಲ. ಕೂಗಿದ್ದೂ ನಾನೇ. ಎರಡು ಸಲ ಕೂಗಿದೆ. ಎರಡನೇ ಸಲ ತಮಾಷೆ ಮಾಡಿದೆ.”

ಕಸಿಯಣ್ಣನ ಹೆಂಡತಿ ಅಳಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು.

“ತೋರ್ಸು ಕಾಲು.”

ನೀರಕ್ಕ ಸೆರಗಿನಿಂದ ಮಣ್ಣು ಒರೆಸಿ ಕಾಲು ಚಾಚಿದಳು. ಬ್ಯಾಂಡೇಜು ಇರಲಿಲ್ಲ. ಹೆಬ್ಬೆರಳ ಬುಡದಲ್ಲಿ ಎಳೆ ಗುಲಾಬಿ ಬಣ್ಣದ ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಕಸಿಯಣ್ಣನ ಹೆಂಡತಿ ಅದರ ಮೇಲೆ ತನ್ನ ಕೈಯ ಹೆಬ್ಬೆರಳನ್ನಿಟ್ಟು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತಿದಳು.

“ನೋಯತ್ತಾ?”

“ಇಲ್ಲ ತಾಯಿ. ಈ ಕಾಲಿಗೆ ಏನೂ ಗೊತ್ತಾಗಲ್ಲ.”

“ನೋಯಬೇಕಿತ್ತು” ಎಂದಳು ಅವಳು.

ಹೆಬ್ಬೆರಳನ್ನು ಸಡಿಲಿಸಿದಳು, ಕಾಲು ಬಿಡಲಿಲ್ಲ. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ನಿಧಾನವಾಗಿ ರಕ್ತ ತುಂಬಿಕೊಳ್ಳುವುದನ್ನು ನೋಡುತ್ತಾ ಕೂತಳು. ಆಮೇಲೆ ಕಾಲನ್ನು ಮಣ್ಣಿನ ಮೇಲೆ ಬಿಡದೆ, ಎತ್ತಿ ಗೋಣಿಚೀಲದ ಮೇಲಿಟ್ಟಳು. ಎದ್ದು ಚಾಕುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಗೇಟಿನವರೆಗೂ ತಿರುಗಿ ನೋಡಲಿಲ್ಲ. ಮತ್ತೆ ಆ ಕಡೆಗೆ ಅವಳು ಬಂದದ್ದನ್ನು ಯಾರೂ ನೋಡಲಿಲ್ಲ.

ಕಸಿಯಣ್ಣನ ಬೆಂಚಿಗೆ ಹೊಸಬ ಬಂದಿದ್ದಾನೆ. ಒಳ್ಳೆಯವನೇ. ನೀರಕ್ಕ ಕುಂಟುವುದನ್ನು ಕಂಡು ಮೊದಲ ದಿನವೇ, “ಅಜ್ಜೀ, ಅಲ್ಲಿಂದ್ಲೇ ಕೂಗಿ, ಮೋಟಾರು ನಾನು ಆರಿಸ್ತೀನಿ” ಎಂದ. ಅವಳು ಬೇಡವೆಂದು ತಲೆಯಾಡಿಸಿದಳು.

ಈಗ ಅವಳು ಗನ್ ಬಿಟ್ಟು, ಪೈಪನ್ನು ನೆಲಕ್ಕಿಟ್ಟು, ತೋಟದ ಆ ತುದಿಯಿಂದ ಈ ತುದಿಯವರೆಗೆ ನಡೆದು ಬರುತ್ತಾಳೆ. ಅಷ್ಟು ಹೊತ್ತೂ ಮೋಟಾರು ಗುಂಯ್ ಎನ್ನುತ್ತಿರುತ್ತದೆ. ನಲ್ಲಿಯ ಬುಡ ಬೂದಿಯಂತೆ ಒಣಗಿದೆ. ಕೈ ಸೆರಗಿಗೆ ಒರೆಸಿಕೊಂಡು, ಒರೆಸಿದ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡು, ಮೋಟಾರು ಆರಿಸುತ್ತಾಳೆ.